ಬಾರದ ಮೇಲ್‌ಗೆ ಯಾವ ಲೇಬಲ್?

2023–24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೊಸಿಸ್ ಮತ್ತು ವಿಪ್ರೊ, ಈ ಮೂರೂ ಕಂಪನಿಗಳ ಒಟ್ಟು ನೌಕರರ ಸಂಖ್ಯೆ ಸುಮಾರು 64 ಸಾವಿರದಷ್ಟು ಇಳಿಯಿತು. ಆ ಸುದ್ದಿ ಓದಿದಾಗ ನಾನಿನ್ನೂ ಬಿಇ ಮೊದಲ ವರ್ಷಗಳಲ್ಲಿದ್ದೆ, ಅದರ ಬಿಸಿ ತಟ್ಟಿರಲಿಲ್ಲ. ಕ್ಯಾಂಪಸ್‌ನಲ್ಲಿ ಕೆಲಸ ಸಿಗದವರು ಆಫ್ ಕ್ಯಾಂಪಸ್ ಎಂಬ ದೊಡ್ಡ ಸಂತೆಗೆ ಹೋಗಲೇಬೇಕು. ಅಲ್ಲಿ ಒಬ್ಬೊಬ್ಬರೂ ಐವತ್ತು, ನೂರು ಅರ್ಜಿ ಹಾಕುತ್ತಾರೆ. ಹಾಕಿದ್ದೆಲ್ಲಿಗೆ, ಯಾವುದು ಎಲ್ಲಿ ನಿಂತಿದೆ ಎಂದು ಕೇಳಿದರೆ ಹೇಳುವವರು ಕಡಿಮೆ.

ನನ್ನ ಅಕ್ಕ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮುಗಿಸಿದ್ದು 2025ರಲ್ಲಿ. ಐದು ತಿಂಗಳಲ್ಲಿ ಅವಳು ಹಾಕಿದ ಅರ್ಜಿ 72. ಅದರ ಲೆಕ್ಕ ಇಡುವ ಕೆಲಸ ನನ್ನ ಪಾಲಿಗೆ ಬಂತು. ಜಿಮೇಲ್‌ನಲ್ಲಿ ನಾಲ್ಕು ಲೇಬಲ್, ಗೂಗಲ್ ಶೀಟ್ಸ್‌ನಲ್ಲಿ ಒಂದೇ ಒಂದು ಹಾಳೆ. ಇಷ್ಟಕ್ಕೆ ಯಾವ ಆ್ಯಪ್‌ನ ಹಂಗೂ ಬೇಕಿಲ್ಲ.

ಮೊದಲು ಲೇಬಲ್ ವಿಚಾರ. `Jobs/Applied`, `Jobs/Test`, `Jobs/Interview`, `Jobs/Rejected` ಎಂದು ನಾಲ್ಕು ಮಾಡಿ, ಪ್ರತಿಯೊಂದಕ್ಕೂ ಒಂದು ಫಿಲ್ಟರ್ ಬರೆದೆವು. ತಿರಸ್ಕಾರದ ಮೇಲ್‌ಗಳನ್ನು ಹಿಡಿಯುವುದು ಸುಲಭ. ಬಹುತೇಕ ಎಲ್ಲದರಲ್ಲೂ `unfortunately` ಎಂಬ ಪದ ಇದ್ದೇ ಇರುತ್ತದೆ. ಆದರೆ ಈ ಪದವನ್ನು ಪೂರ್ತಿ ನಂಬುವ ಹಾಗಿಲ್ಲ. ಒಂದು ಕಂಪನಿಯವರು ‘ದುರದೃಷ್ಟವಶಾತ್ ಗುರುವಾರ ನಮ್ಮ ಪ್ಯಾನೆಲ್ ಸಿಗುವುದಿಲ್ಲ, ಬೇರೆ ಸಮಯ ಆರಿಸಿಕೊಳ್ಳಿ’ ಎಂದು ಬರೆದಿದ್ದರು. ಸಂದರ್ಶನದ ಕರೆಗೆ ತಿರಸ್ಕಾರದ ಲೇಬಲ್ ಬಿತ್ತು. ಫಿಲ್ಟರ್‌ನಲ್ಲಿ `Skip the Inbox` ಎಂಬ ಆಯ್ಕೆಗೆ ಟಿಕ್ ಹಾಕಿರಲಿಲ್ಲವಾದ್ದರಿಂದ ಮೇಲ್ ಇನ್‌ಬಾಕ್ಸ್‌ನಲ್ಲೇ ಉಳಿದು ಕಣ್ಣಿಗೆ ಬಿತ್ತು. ಫಿಲ್ಟರ್ ಬಣ್ಣ ಹಚ್ಚಲಿ, ಆದರೆ ಮೇಲ್ ಬಚ್ಚಿಡುವ ಅಧಿಕಾರ ಅದಕ್ಕೆ ಬೇಡ.

ಲೇಬಲ್‌ಗೆ ಇನ್ನೂ ದೊಡ್ಡ ಮಿತಿಯೊಂದಿದೆ. ಬಂದ ಮೇಲ್‌ಗೆ ಮಾತ್ರ ಲೇಬಲ್ ಹಚ್ಚಬಹುದು. ಬಾರದೇ ಇರುವ ಉತ್ತರಕ್ಕೆ ಏನನ್ನು ಹಚ್ಚುವುದು? ಹಾಳೆ ಬೇಕಾಗುವುದು ಇಲ್ಲಿಯೇ. ಅದರಲ್ಲಿ ಆರು ಕಾಲಂ: ಕಂಪನಿ, ಹುದ್ದೆ, ಅರ್ಜಿ ಹಾಕಿದ ದಾರಿ, ಕೊನೆಯ ಸುದ್ದಿ ಬಂದ ದಿನ, ತಲುಪಿದ ಹಂತ, ಈಗಿನ ಸ್ಥಿತಿ. ಫೋನ್‌ನಲ್ಲಿ ಬರುವ ಕರೆಗಳಿಗೆ ಮೇಲ್ ಇರುವುದಿಲ್ಲವಾದ್ದರಿಂದ ದಿನಾಂಕವನ್ನು ಕೈಯಾರೆ ಬರೆಯಬೇಕು. ಏಳನೇ ಕಾಲಂನಲ್ಲಿ ಈ ಸೂತ್ರ:

```
=IF(AND(F2="Waiting",TODAY()-D2>21),"Silent","")
```

ಕೊನೆಯ ಸುದ್ದಿ ಬಂದು 21 ದಿನ ದಾಟಿದರೆ ಆ ಸಾಲಿನಲ್ಲಿ ತಾನಾಗಿಯೇ `Silent` ಎಂದು ಮೂಡುತ್ತದೆ. ಮೂರು ವಾರ ನಾವೇ ಹಾಕಿಕೊಂಡ ಗಡಿ, ಬೇಕಾದವರು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

‘ತಲುಪಿದ ಹಂತ’ ಮತ್ತು ‘ಈಗಿನ ಸ್ಥಿತಿ’ ಎಂದು ಎರಡು ಕಾಲಂ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಹಾಳೆಗಳಲ್ಲಿ ಹೆಚ್ಚಾಗಿ ಒಂದೇ ಕಾಲಂ ಇರುತ್ತದೆ. ಸಂದರ್ಶನ ಮುಗಿದು ತಿರಸ್ಕಾರವಾದರೆ `Interview` ಅಳಿಸಿ `Rejected` ಎಂದು ಬರೆಯುತ್ತೇವೆ. ಆ ಕ್ಷಣಕ್ಕೆ ಅರ್ಜಿ ಎಲ್ಲಿಯವರೆಗೆ ಹೋಗಿತ್ತು ಎಂಬುದೇ ಅಳಿಸಿಹೋಗುತ್ತದೆ. ರೆಸ್ಯೂಮೆ ನೋಡಿ ಬೇಡ ಅಂದವರೂ ಮೂರು ಸುತ್ತು ಮಾತಾಡಿ ಬೇಡ ಅಂದವರೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಎರಡು ಕಾಲಂ ಇದ್ದರೆ ಹೀಗೆ ಕೇಳಬಹುದು:

```
=COUNTIFS(E:E,"Test",F:F,"Rejected")
```

ಇದು ಟೆಸ್ಟ್‌ವರೆಗೆ ಹೋಗಿ ಅಲ್ಲೇ ಬಿದ್ದ ಅರ್ಜಿಗಳ ಸಂಖ್ಯೆ. ಈ ಕಾಲಂಗಳಿಗೆ ಡ್ರಾಪ್‌ಡೌನ್ ಹಾಕುವುದು ಒಳ್ಳೆಯದು. ಒಮ್ಮೆ `Reject`, ಇನ್ನೊಮ್ಮೆ `Rejected` ಎಂದು ಟೈಪ್ ಮಾಡಿದರೆ ಎಣಿಕೆ ತಪ್ಪುತ್ತದೆ.

ಇದೆಲ್ಲ ಬರೀ ಅಚ್ಚುಕಟ್ಟಿನ ಗೀಳು ಎನಿಸಬಹುದು. ಆದರೆ ನಮ್ಮ ಮನೆಯಲ್ಲಿ ಇದರ ಮೇಲೆ 25 ಸಾವಿರ ರೂಪಾಯಿಯ ತೀರ್ಮಾನವೊಂದು ನಿಂತಿತ್ತು. ‘ಇವಳಿಗೆ ಸಂದರ್ಶನದಲ್ಲಿ ಮಾತಾಡೋಕೆ ಬರಲ್ಲ, ತರಬೇತಿಗೆ ಸೇರಿಸಿ’ ಎಂದು ಸಂಬಂಧಿಕರೊಬ್ಬರು ಹೇಳಿದ್ದರು. ಅಪ್ಪ ಶುಲ್ಕ ಕಟ್ಟಲು ತಯಾರಾಗಿದ್ದರು. ಹಾಳೆ ಹೇಳಿದ ಕಥೆಯೇ ಬೇರೆ. 72 ಅರ್ಜಿಗಳಲ್ಲಿ 51 ಮೊದಲ ಹಂತದಲ್ಲೇ ಮೌನ. 12 ರೆಸ್ಯೂಮೆ ಹಂತದಲ್ಲಿ ತಿರಸ್ಕಾರ. ಟೆಸ್ಟ್‌ಗೆ ಕರೆ ಬಂದದ್ದು 9, ಅದರಲ್ಲಿ ಸಂದರ್ಶನದವರೆಗೆ ಹೋದದ್ದು 4. ಅಂದರೆ 63 ಕಡೆ ಅವಳ ಬಾಯಿಂದ ಒಂದು ಮಾತೂ ಹೊರಡುವ ಸಂದರ್ಭವೇ ಬಂದಿಲ್ಲ! ಟೆಸ್ಟ್ ಬರೆದವುಗಳಲ್ಲಿ ಅರ್ಧದ ಹತ್ತಿರ ಪಾಸಾಗಿದ್ದಾಳೆ. ಕೊಡ ಸೋರುತ್ತಿರುವುದು ತಳದಲ್ಲಿ, ಕಂಠಕ್ಕೆ ಬೆಸುಗೆ ಹಾಕಿಸಿದರೆ ಏನು ಬಂತು? ಅಪ್ಪನಿಗೆ ಹಾಳೆ ತೋರಿಸಿದೆ. ಒಂದೆರಡು ದಿನ ಏನೂ ಹೇಳಲಿಲ್ಲ, ಆಮೇಲೆ ತರಬೇತಿಯ ಮಾತು ಎತ್ತಲಿಲ್ಲ.

ಆ 63ರ ಒಳಗೇ ಇನ್ನಷ್ಟು ಹುಡುಕಿದೆವು. 12 ತಿರಸ್ಕಾರಗಳಲ್ಲಿ 5 ಬಂದದ್ದು ಅರ್ಜಿ ಹಾಕಿದ ಒಂದು ದಿನದೊಳಗೆ, ಒಂದಂತೂ ನಡುರಾತ್ರಿ. ಮನುಷ್ಯರು ಓದಿ ಕಳಿಸುವ ವೇಗ ಅದಲ್ಲ. ಹುದ್ದೆಯ ಜಾಹೀರಾತನ್ನು ಅರ್ಜಿ ಹಾಕುವಾಗಲೇ ಪಿಡಿಎಫ್ ಮಾಡಿ ಇಟ್ಟಿದ್ದೆವು, ಏಕೆಂದರೆ ನೇಮಕ ಮುಗಿದ ಮೇಲೆ ಆ ಕೊಂಡಿ ತೆರೆಯುವುದೇ ಇಲ್ಲ. ತೆಗೆದು ನೋಡಿದರೆ ಐದರಲ್ಲೂ ಕೇಳಿದ್ದು 2026ರ ಬ್ಯಾಚ್. ಅರ್ಜಿ ನಮೂನೆಯಲ್ಲಿ ತೇರ್ಗಡೆಯಾದ ವರ್ಷ ತುಂಬಿದ ಕೂಡಲೇ ತಂತ್ರಾಂಶವೇ ಪಕ್ಕಕ್ಕೆ ಸರಿಸಿತ್ತು ಎಂದೇ ನಮ್ಮ ಲೆಕ್ಕ. ಅದಕ್ಕೆ ಅಕ್ಕ ಎರಡು ರಾತ್ರಿ ನಿದ್ದೆಗೆಟ್ಟಿದ್ದಳು.

ಅರ್ಜಿ ಹಾಕಿದ ದಾರಿಯೂ ಮಾತಾಡಿತು. ಉದ್ಯೋಗ ಜಾಲತಾಣಗಳಲ್ಲಿ ಒಂದೇ ಒತ್ತಿಗೆ ಹಾಕಿದ 46ರಲ್ಲಿ ಟೆಸ್ಟ್‌ವರೆಗೆ ಹೋದದ್ದು 2. ಕಂಪನಿಗಳ ಸ್ವಂತ ತಾಣದಲ್ಲಿ ಹಾಕಿದ 20ರಲ್ಲಿ 4. ಸೀನಿಯರ್‌ಗಳ ಶಿಫಾರಸಿನಿಂದ ಹೋದ 6ರಲ್ಲಿ 3. ಆರು ಎಂಬುದು ಸಣ್ಣ ಸಂಖ್ಯೆ, ಸೀನಿಯರ್‌ಗಳು ಹೊಂದುವ ಹುದ್ದೆಗೇ ಹೆಸರು ಕೊಟ್ಟಿರುತ್ತಾರೆ ಎಂಬುದೂ ನಿಜ. ಹಾಗಾಗಿ ‘ಶಿಫಾರಸು ಇದ್ದರೆ ಅರ್ಧ ಕೆಲಸ ಆಯ್ತು’ ಎಂದೆಲ್ಲ ಹೇಳಲಾರೆ. ಆದರೆ 46ಕ್ಕೆ 2 ಬಂದ ದಾರಿಯಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವುದನ್ನು ಅಕ್ಕ ನಿಲ್ಲಿಸಿದಳು.

ಉಳಿದದ್ದು ಸಂದರ್ಶನ ಮುಗಿದ ಮೇಲಿನ ಮೌನ. ನಾಲ್ಕು ಸಂದರ್ಶನಗಳಲ್ಲಿ ಎರಡು ಕಡೆ ‘ಇಲ್ಲ’ ಎಂದು ಮೇಲ್ ಬಂತು. ಇನ್ನೆರಡು ಕಡೆ ‘ಒಂದು ವಾರದಲ್ಲಿ ತಿಳಿಸ್ತೀವಿ’ ಎಂದವರು ತಿಳಿಸಲೇ ಇಲ್ಲ. ಅರ್ಜಿ ಹಾಕಿದ ಸಾವಿರಾರು ಜನರಿಗೆ ಉತ್ತರ ಬರೆಯಿರಿ ಎಂದು ಕೇಳುವುದು ಕಷ್ಟ, ಒಪ್ಪೋಣ. ರಜೆ ಹಾಕಿಸಿ, ಬಸ್ ಹತ್ತಿಸಿ, ಬೆಂಗಳೂರಿಗೆ ಕರೆಸಿಕೊಂಡವರಿಗೂ ಉತ್ತರ ಕೊಡದಿರುವುದು ನನ್ನ ಪ್ರಕಾರ ಅನ್ಯಾಯ. ಕೆನಡಾದ ಒಂಟಾರಿಯೊ ಪ್ರಾಂತ್ಯ ಇದನ್ನು ಕಾನೂನಿನ ವ್ಯಾಪ್ತಿಗೇ ತಂದಿದೆ. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಬಹಿರಂಗವಾಗಿ ಜಾಹೀರಾತು ನೀಡಿದ ಹುದ್ದೆಗೆ ಸಂದರ್ಶನ ಮಾಡಿದರೆ, ಕೊನೆಯ ಸಂದರ್ಶನವಾದ 45 ದಿನಗಳೊಳಗೆ ನೇಮಕದ ತೀರ್ಮಾನ ಆಗಿದೆಯೇ ಇಲ್ಲವೇ ಎಂದು ಅಭ್ಯರ್ಥಿಗೆ ತಿಳಿಸಬೇಕು. ಕಾರಣ ಕೊಡಬೇಕೆಂದೇನೂ ಅಲ್ಲ. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂತಹ ಕಟ್ಟುಪಾಡಿಲ್ಲ.

ಇಲ್ಲದಿದ್ದರೆ ನಾವೇ ಕೇಳಬೇಕು. ಹಾಳೆಯಲ್ಲಿ `Silent` ಮೂಡಿದ ದಿನ ಅಕ್ಕ ಆ ಎರಡೂ ಕಡೆಗೆ ಹುದ್ದೆಯ ಹೆಸರು, ಸಂದರ್ಶನದ ದಿನಾಂಕ ಬರೆದು, ಮೂರು ಸಾಲಿನ ಮೇಲ್ ಕಳಿಸಿದಳು. ಒಬ್ಬರು ಮರುದಿನವೇ ಆ ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದು ಉತ್ತರಿಸಿದರು. ಇನ್ನೊಂದು ಕಡೆಯಿಂದ ಏನೂ ಇಲ್ಲ. ಆ ಸಾಲಿನಲ್ಲಿ ಇವತ್ತಿಗೆ 38 ದಿನ.