ಅಕ್ಕಿಕಾಳು ಯಾವಾಗ ಎಂಬ ಪ್ರಶ್ನೆ

ಚೌತಿಗೆ ಊರಿಗೆ ಬರಲು ಹೆದರುವ ಹುಡುಗನೊಬ್ಬನ ಕಥೆಯನ್ನು ಹೋದ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೆವು. ಅದಕ್ಕೆ ಬಂದ ಕಾಗದಗಳಲ್ಲಿ ಎರಡು ಬಗೆಯವಿದ್ದವು. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಯನ್ನು ಗಣಪತಿ ಕೂರುವ ಮನೆಯೊಳಗೆ ಯಾಕೆ ತಂದಿರಿ ಎಂದು ಊರ ಹಿರಿಯರು ಸಿಟ್ಟಾಗಿದ್ದಾರೆ. ಕಥೆ ಮುಗಿಯುವವರೆಗೂ ಹುಡುಗ ಬಾಯಿ ಬಿಡದೆ ವಾಪಸು ಬಸ್ಸು ಹತ್ತಿದ್ದು ಹೇಡಿತನ, ಅದನ್ನು ಮೆಚ್ಚಿ ಅಚ್ಚು ಹಾಕಿದ್ದು ನಮ್ಮ ಪತ್ರಿಕೆಯ ಹೇಡಿತನ ಎಂದು ಬೆಂಗಳೂರಿನ ಗೆಳೆಯರು ಬರೆದಿದ್ದಾರೆ. ಈ ಎರಡೂ ಮಾತನ್ನು ನಾನು ಒಪ್ಪುವುದಿಲ್ಲ.

ಹಿರಿಯರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಳಿಯಾಳ, ಮುಂಡಗೋಡ ಕಡೆಯ ಎಷ್ಟೋ ಮನೆಗಳು ಸವದತ್ತಿ ಎಲ್ಲಮ್ಮನಿಗೆ ನಡೆದುಕೊಳ್ಳುತ್ತವೆ. ಜೋಗಪ್ಪ ಕೊಡ ಹೊತ್ತು ಅಂಗಳಕ್ಕೆ ಬಂದರೆ ಮರದ ತುಂಬ ಅಕ್ಕಿ ನೀಡಿ ಕಾಲಿಗೆ ನೀರು ಹಾಕುವ ಮನೆಗಳಿವು. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದಾಗ, 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದವರಲ್ಲಿ ಈ ಕಾಗದ ಬರೆದವರೂ ಇದ್ದಾರೆ. ವಸುಧೇಂದ್ರರ ‘ಮೋಹನಸ್ವಾಮಿ’ ಬಂದು ಹತ್ತು ವರ್ಷ ದಾಟಿತು. ಅಂಗಳದಲ್ಲಿ ನಿಂತವರಿಗೆ ಕೈ ಮುಗಿಯುವ ಮನೆ, ಒಳಗೆ ಪಂಕ್ತಿಯಲ್ಲಿ ಕೂತ ತನ್ನದೇ ಮಗನ ವಿಚಾರ ಬಂದಾಗ ಸಂಸ್ಕೃತಿಯ ಹೆಸರು ಎತ್ತಬಾರದು. ಅವನನ್ನು ನಾವು ಮನೆಯೊಳಗೆ ತಂದಿಲ್ಲ. ಅವನು ಹುಟ್ಟಿದ್ದೇ ಆ ಮನೆಯಲ್ಲಿ.

ಬೆಂಗಳೂರಿನ ಗೆಳೆಯರ ಜೊತೆ ನನ್ನ ಜಗಳ ದೊಡ್ಡದು. 377ನೇ ಕಲಮಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ಕ್ಕೆ. ಆ ವರ್ಷದ ಚೌತಿ ಸೆಪ್ಟೆಂಬರ್ 13ಕ್ಕೆ. ಮದುವೆಯ ಹಕ್ಕು ಕೊಡಲಾಗದೆಂದು ಅದೇ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಹೇಳಿದಾಗ ನವರಾತ್ರಿ ನಡೆದಿತ್ತು. ಎರಡು ಸಲವೂ ದೊಡ್ಡಮನೆಯ ಟೀವಿಯ ಮುಂದೆ ಕಾಕಾ, ಮಾಮಾ, ಭಾವಂದಿರು ಕೂತು ನಕ್ಕು ಮಾತಾಡಿದ್ದನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡವರಿದ್ದಾರೆ. ಕೋರ್ಟು ಏನೇ ಹೇಳಲಿ, ಆ ರಾತ್ರಿ ಮಲಗಬೇಕಾದದ್ದು ಅದೇ ಪಡಸಾಲೆಯಲ್ಲಿ, ಅದೇ ಜನರ ಸಾಲಿನಲ್ಲಿ. ಜೊಯಿಡಾದ ಒಳಹಳ್ಳಿಗಳಿಗೆ ಸಂಜೆಯ ಬಸ್ಸು ಹೋದರೆ ಮತ್ತೆ ಬೆಳಗಿನದೇ ಗತಿ. ಎಷ್ಟೋ ಕಡೆ ಫೋನು ಹತ್ತಬೇಕೆಂದರೆ ಗುಡ್ಡ ಏರಬೇಕು. ಅಂಥ ಮನೆಯಲ್ಲಿ ಹಬ್ಬದ ರಾತ್ರಿ ಸತ್ಯ ಹೇಳಿ, ಮಾತು ಕೈ ಮೀರಿದರೆ ಹುಡುಗ ಎಲ್ಲಿಗೆ ಹೋಗಬೇಕು? ಹೇಳಿಕೊಳ್ಳುವುದಿದ್ದರೆ ಹಬ್ಬವಲ್ಲದ ದಿನ, ಒಬ್ಬರಿಗೆ ಮಾತ್ರ, ತನ್ನ ಕೈಯಲ್ಲಿ ಸಂಬಳವೂ ತಲೆಯ ಮೇಲೆ ಬೇರೆ ಸೂರೂ ಇರುವಾಗ ಹೇಳಿಕೊಳ್ಳಲಿ. ಅಲ್ಲಿಯವರೆಗೆ ಅವನ ಮೌನಕ್ಕೆ ಯಾರೂ ಲೆಕ್ಕ ಕೇಳಬಾರದು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಮ್ಮ ಕಡೆ ಚೌತಿಯಲ್ಲೇ ಈ ಪ್ರಶ್ನೆ ಜೋರಾಗುವುದಕ್ಕೆ ಪಂಚಾಂಗವೂ ಒಂದು ಕಾರಣ. ಚಾತುರ್ಮಾಸದಲ್ಲಿ ಮದುವೆ ಇಲ್ಲ. ಕಾರ್ತಿಕದಲ್ಲಿ ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತ ಶುರು. ಚೌತಿಯಿಂದ ಅಲ್ಲಿಗೆ ಎರಡು ತಿಂಗಳ ಮೇಲೆ ಕೆಲವೇ ದಿನ. ಅಣ್ಣತಮ್ಮಂದಿರ ಸಂಸಾರಗಳೆಲ್ಲ ಮೂಲಮನೆಗೆ ಬಂದು ಸೇರುವುದೂ ಆಗಲೇ. ಹೀಗಾಗಿ ಗಣಪತಿಯ ಮುಂದೆ ಕೂತ ಹಿರಿಯರಿಗೆ ಅದು ಆ ವರ್ಷದ ಲಗ್ನಗಳ ಲೆಕ್ಕ ಹಾಕುವ ಹೊತ್ತು. “ತಮ್ಮಾ, ಅಕ್ಕಿಕಾಳು ಯಾವಾಗ?” ಎಂದು ಕೇಳುವ ಕಾಕಾನಿಗೆ ಹುಡುಗನನ್ನು ನೋಯಿಸುವ ಉದ್ದೇಶ ಇರುವುದಿಲ್ಲ. ಅವನು ಕೇಳುವುದು ಒಂದೇ ಸಲ. ಹುಡುಗ ಅದನ್ನು ಒಂದೇ ದಿನದಲ್ಲಿ ಕಾಕಾ, ಆತ್ಯಾ, ಮಾಮಾ, ಪಕ್ಕದ ಮನೆಯ ಅಜ್ಜಿ, ಪೂಜೆಗೆ ಬಂದ ಭಟ್ಟರು ಎಲ್ಲರಿಂದಲೂ ಕೇಳಿಸಿಕೊಳ್ಳಬೇಕು. ಪ್ರತಿ ಸಲವೂ ಮುಖ ಬದಲಾಗದಂತೆ ನೋಡಿಕೊಳ್ಳಬೇಕು. ಸುಸ್ತಾಗುವುದು ಇದರಿಂದ.

ನಾನು ಬಲ್ಲ ಒಬ್ಬಾತ ದಾಂಡೇಲಿಯಲ್ಲಿ ಓದಿ, ದೂರದ ನಗರದಲ್ಲಿ ನೌಕರಿಗಿದ್ದಾನೆ. ಅವನ ಗುರುತು ಸಿಗುವ ಯಾವ ವಿವರವನ್ನೂ ಇಲ್ಲಿ ಬರೆಯುವುದಿಲ್ಲ. ಮೊದಮೊದಲು ಅವನು ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದ. ಕೇಳಿದವರಿಗೆ “ಮುಂದಿನ ವರ್ಷ ನೋಡೋಣ” ಎಂದ. ಮನೆಯವರು ಅದನ್ನು ಮಾತು ಕೊಟ್ಟಂತೆ ಹಿಡಿದರು, ಮುಂದಿನ ಚೌತಿಗೆ ಜಾತಕಗಳು ಸಿದ್ಧವಾಗಿದ್ದವು. ಆಮೇಲೆ ಧಾರವಾಡದಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂದು ಸುಳ್ಳು ಹೇಳಿದ. ನಮ್ಮ ಕಡೆ ಧಾರವಾಡದಲ್ಲಿ ಬೀಗರಿಲ್ಲದ ಮನೆ ಯಾವುದು? ಯಾರ ಮಗಳು, ಯಾವ ಓಣಿ ಎಂದು ಎರಡು ಫೋನಿನಲ್ಲಿ ವಿಚಾರಿಸಿ ಮುಗಿಸಿದರು. ಸುಳ್ಳು ಬಯಲಾಯಿತು. ಅದರ ಬೆನ್ನಿಗೇ, ಅವಲಕ್ಕಿ ತಿಂದು ಬರೋಣವೆಂದು ಒಂದು ಮನೆಗೆ ಕರೆದೊಯ್ದು ಹೆಣ್ಣಿನ ಮುಂದೆ ಕೂರಿಸಿದರು. ಸೀರೆ ಉಟ್ಟು ಚಹಾದ ತಟ್ಟೆ ಹಿಡಿದು ಬಂದ ಆ ಹುಡುಗಿಯ ಮುಖವನ್ನು ಈಗಲೂ ಮರೆಯಲಾಗಿಲ್ಲ ಎನ್ನುತ್ತಾನೆ. ಹೀಗೆ ಒತ್ತಾಯಕ್ಕೆ ನಡೆದ ಲಗ್ನದಲ್ಲಿ ಹಾಳಾಗುವುದು ಎರಡು ಬದುಕು. ಎರಡನೆಯ ಬದುಕಿನ ಬಗ್ಗೆ ನಮ್ಮ ಹಿರಿಯರ ಕಾಗದಗಳಲ್ಲಿ ಒಂದು ಸಾಲೂ ಇಲ್ಲ.

ಈಗ ಅವನು ಬೇರೆ ದಾರಿ ಕಂಡುಕೊಂಡಿದ್ದಾನೆ. ಹನ್ನೊಂದು ದಿನದ ಗಣಪತಿಗೆ ಹನ್ನೊಂದು ದಿನವೂ ಇರುವುದಿಲ್ಲ, ಒಂದೂವರೆ ದಿನಕ್ಕೆ ಬಂದು ಹೋಗುತ್ತಾನೆ. ಹೊರಡುವ ದಿನವನ್ನು ಬರುವ ಮೊದಲೇ ಅವ್ವನಿಗೆ ಫೋನಿನಲ್ಲಿ ಹೇಳಿ, ವಾಪಸಿನ ಟಿಕೆಟ್ಟು ಮಾಡಿಸಿಯೇ ಬಸ್ಸು ಹತ್ತುತ್ತಾನೆ. ನಡುವೆ ಹೊರಟರೆ ಮುನಿಸು ಹುಟ್ಟುತ್ತದೆ, ಮೊದಲೇ ಗೊತ್ತಿದ್ದ ದಿನಕ್ಕೆ ಹೊರಟರೆ ಬುತ್ತಿ ಸಿಗುತ್ತದೆ. ಮನೆಗೆ ಕಾಲಿಟ್ಟ ಕೂಡಲೇ ಫಲಾವಳಿ ಕಟ್ಟುವ ಕೆಲಸ ಅವನದು. ಅಡಿಕೆ ಗೊನೆ, ತೆಂಗಿನಕಾಯಿ, ಹೀರೆ, ಹಾಗಲ, ಚಕ್ಕೋತ ಎಲ್ಲವನ್ನೂ ಕೂಡಿಸಿ, ಏಣಿ ಹತ್ತಿ, ಗಣಪತಿಯ ತಲೆಯ ಮೇಲಿನ ಚೌಕಟ್ಟಿಗೆ ಒಂದೊಂದಾಗಿ ಬಿಗಿಯಬೇಕು. ಅರ್ಧ ದಿನದ ಕೆಲಸ. ಏಣಿಯ ಮೇಲಿರುವವನನ್ನು ಯಾರೂ ಲಗ್ನದ ವಿಚಾರ ಕೇಳುವುದಿಲ್ಲ, ಹಗ್ಗ ಕೊಡಲೇ ಎಂದಷ್ಟೇ ಕೇಳುತ್ತಾರೆ. ಕೈಗೆ ಕೆಲಸವಿಲ್ಲದೆ ಪಡಸಾಲೆಯ ಕುರ್ಚಿಯಲ್ಲಿ ಕೂತವನಿಗೇ ಪ್ರಶ್ನೆಗಳೆಲ್ಲ ಬೀಳುವುದು.

ಆದರೂ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಅವನದು ಒಂದೇ ಉತ್ತರ: “ಸದ್ಯ ಆ ವಿಚಾರ ಇಲ್ಲ ಕಾಕಾ. ನಿಮ್ಮ ಮೊಣಕಾಲು ಹ್ಯಾಂಗೈತಿ?” ಇದರಲ್ಲಿ ಸುಳ್ಳಿಲ್ಲ, ಅವಧಿ ಇಲ್ಲ, ಕಾರಣವೂ ಇಲ್ಲ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹಿಡಿದು ಬರುತ್ತಾರೆ. ಸಂಬಳ ಸಾಲದು ಎಂದರೆ ನೌಕರಿಯಲ್ಲಿರುವ ಹುಡುಗಿಯನ್ನು ಹುಡುಕುತ್ತಾರೆ, ಮನೆ ಕಟ್ಟಬೇಕು ಎಂದರೆ ಸೈಟು ತೋರಿಸುತ್ತಾರೆ. ಎಷ್ಟು ಜನ ಕೇಳಿದರೂ ಅದೇ ಮಾತು, ಅದೇ ದನಿ. ಮಾತು ಬದಲಾದರೆ ರಾತ್ರಿ ಅಡುಗೆಮನೆಯಲ್ಲಿ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ಫೋನಿನ ಬಗ್ಗೆ ಅವನು ಹೇಳಿದ್ದನ್ನೂ ಬರೆಯುತ್ತೇನೆ, ಏಕೆಂದರೆ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಬಾಯಿಂದಲ್ಲ. ಆರತಿಯ ಫೋಟೋ ನೋಡುತ್ತೇವೆಂದು ತಮ್ಮಂದಿರು ಫೋನು ಕಸಿದುಕೊಳ್ಳುತ್ತಾರೆ, ಅಷ್ಟರಲ್ಲಿ ಗೆಳೆಯನ ಸಂದೇಶ ತೆರೆಯ ಮೇಲೆ ಮೂಡುತ್ತದೆ. ಊರಿಗೆ ಹೊರಡುವ ಮೊದಲೇ ಲಾಕ್ ಆದ ತೆರೆಯ ಮೇಲೂ, ಲಾಕ್ ತೆಗೆದಾಗಲೂ ಸಂದೇಶ ಮೂಡದಂತೆ ಸೆಟ್ಟಿಂಗ್ ಬದಲಿಸಬೇಕು. ಬೇಕಾದ ಫೋಟೋಗಳನ್ನು ತಾನೇ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರೆ ಫೋನು ಕೇಳುವ ನೆಪ ಉಳಿಯುವುದಿಲ್ಲ. ಸಿಗ್ನಲ್ ಸಿಗುವ ಜಾಗಕ್ಕೆ ಸಂಜೆ ಇಂಥ ಹೊತ್ತಿಗೆ ಬರುತ್ತೇನೆ ಎಂದು ಗೆಳೆಯನಿಗೆ ಮೊದಲೇ ಹೇಳಿಡಬೇಕು. ಆ ಹತ್ತು ನಿಮಿಷದ ಮಾತಿನಲ್ಲಿ ಅವನು ಮುಖ ಕಾಯ್ದುಕೊಳ್ಳಬೇಕಾಗಿಲ್ಲ.

ಇದೆಲ್ಲ ಗಂಡಸಿಗೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಅಂಗಡಿಗೆ ಹೋಗಿಬರುತ್ತೇನೆ ಎಂಬ ನೆಪವೂ ಇಲ್ಲ. ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುವಾಗ, ಮೂವತ್ತು ದಾಟಿಯೂ ತವರಲ್ಲೇ ಇರುವವಳು ಉಂಡಿ ಕಟ್ಟುತ್ತ ಎಲ್ಲರ ಕಣ್ಣಿಗೆ ಬೀಳುತ್ತಾಳೆ. ಅರಿಶಿನ ಕುಂಕುಮಕ್ಕೆ ಮುತ್ತೈದೆಯರನ್ನು ಸಾಲಾಗಿ ಕೂರಿಸಿ ಉಡಿ ತುಂಬುವ ಹೊತ್ತಿನಲ್ಲಿ ಅವಳಿಗೆ ಜಾಗವಿಲ್ಲ. ಇಲ್ಲಿ ಅವಳೊಬ್ಬಳ ಜಾಣತನ ಸಾಲದು, ಮನೆಯ ಒಬ್ಬ ವೈನಿಯೋ ಅಕ್ಕನೋ ನಡುವೆ ಬರಬೇಕು. ಆ ವೈನಿಗೆ ಎಲ್ಲವೂ ಗೊತ್ತಿರಬೇಕೆಂದಿಲ್ಲ. “ಲಗ್ನದ ಮಾತು ನನಗ ತ್ರಾಸಾಗ್ತದ ವೈನಿ, ಮಂದಿ ಶುರು ಮಾಡಿದ್ರ ನನ್ನ ಒಳಗ ಕರೀರಿ” ಎಂದಷ್ಟು ಹೇಳಿದ್ದರೆ ಸಾಕು. ಸಾಲಿನ ಹೊರಗೆ ಸುಮ್ಮನೆ ನಿಲ್ಲಿಸುವ ಬದಲು ಆರತಿ ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಎಲ್ಲರಿಗೂ ಅವಳಿಂದಲೇ ಹೂವು ಹಂಚಿಸುವ ವೈನಿಯರು ನಮ್ಮಲ್ಲಿದ್ದಾರೆ.

ಈ ಉಪಾಯಗಳಿಗೂ ಒಂದು ಮಿತಿ ಇದೆ. ಹೋದ ಸಲ ಕೈ ಎತ್ತಿದ ಮನೆಗೆ, ಫೋನು ಕಸಿದು ಕೋಣೆಯಲ್ಲಿ ಕೂಡಿಹಾಕಿದ ಮನೆಗೆ, ಕೇಳದೆಯೇ ನಿಶ್ಚಿತಾರ್ಥದ ದಿನ ಗೊತ್ತು ಮಾಡಿದ ಮನೆಗೆ ಹಬ್ಬಕ್ಕೆ ಹೋಗಬೇಡಿ. ಹೋಗಲೇಬೇಕಾದರೆ ಆಧಾರ್, ಮಾರ್ಕ್ಸ್ ಕಾರ್ಡುಗಳನ್ನು ಊರಿಗೆ ಒಯ್ಯಬೇಡಿ, ನೀವು ವಾಪಸು ಬರುವ ದಿನ ಒಬ್ಬ ಗೆಳೆಯನಿಗೆ ಗೊತ್ತಿರಲಿ. ಗುಣಪಡಿಸುತ್ತೇನೆ ಎನ್ನುವ ಡಾಕ್ಟರನ್ನು ನಂಬಬೇಡಿ. ಇದು ರೋಗವಲ್ಲ. ಹಾಗೆ ಗುಣಪಡಿಸಲು ಹೊರಡುವುದು ವೃತ್ತಿಗೆ ಎಸಗುವ ದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮನಸ್ಸು ತೀರಾ ಕುಸಿದ ರಾತ್ರಿ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರತಿ ದೀಪಾವಳಿಗೆ ಅವಿಭಕ್ತ ಕುಟುಂಬದ ಬಣ್ಣದ ಫೋಟೋ ಹಾಕಿ, ಎಲ್ಲರೂ ಕೂಡಿ ಉಣ್ಣುವ ಸುಖದ ಬಗ್ಗೆ ಪುಟಗಟ್ಟಲೆ ಬರೆಸುವ ವಿಶೇಷಾಂಕಗಳ ಸಂಪಾದಕರಿಗೆ ಒಂದು ಮಾತು. ಆ ಫೋಟೋದ ತುದಿಯಲ್ಲಿ ನಿಂತವನಿಗಾಗಿ ಒಂದು ಪುಟ ಬಿಡಿ. ಕಡೇಪಕ್ಷ ಈ ಫೋನ್ ನಂಬರನ್ನಾದರೂ ಅಡುಗೆ ಪುಟದ ಕೆಳಗೆ ಅಚ್ಚು ಹಾಕಿ. ಆ ಪುಟವನ್ನು ಎಲ್ಲರೂ ತೆರೆಯುತ್ತಾರೆ, ತೆರೆದವರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ನಮ್ಮ ಮುಂದಿನ ಸಂಚಿಕೆಯ ವಿಷಯ ‘ಹಬ್ಬದ ಮನೆ’. ಬರಹಗಾರರ ನಿಜವಾದ ಹೆಸರು, ವಿಳಾಸ ಬೇಕೆಂಬ ನಮ್ಮ ನಿಯಮವನ್ನು ಈ ಒಂದು ಸಂಚಿಕೆಗೆ ಕೈಬಿಟ್ಟಿದ್ದೇವೆ. ಗೌರವ ಪ್ರತಿಯನ್ನು ಮನೆಗೆ ಕಳಿಸುವುದಿಲ್ಲ. ಎಲ್ಲಿಗೆ ಕಳಿಸಬೇಕೆಂದು ನೀವೇ ತಿಳಿಸಿ.