ಓದು, ಬರಹ, ಚಾರಣ ಇವರ ಹವ್ಯಾಸಗಳು

ಯಾವುದಾದರೂ ವಿಶೇಷಾಂಕವನ್ನೋ ವಿಚಾರ ಸಂಕಿರಣದ ಪುಸ್ತಿಕೆಯನ್ನೋ ತೆಗೆದು ಲೇಖಕರ ಪರಿಚಯ ಇರುವ ಪುಟಕ್ಕೆ ಹೋಗಿ. ಹುಟ್ಟಿದ ಊರು, ಓದಿದ ಕಾಲೇಜು, ಈಗಿನ ಕೆಲಸ, ಪ್ರಕಟವಾದ ಪುಸ್ತಕ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ವಾಕ್ಯ ಕಾದು ಕೂತಿರುತ್ತದೆ: ‘ಓದು, ಬರಹ, ಚಾರಣ ಇವರ ಹವ್ಯಾಸಗಳು.’ ಚಾರಣದ ಜಾಗಕ್ಕೆ ಒಮ್ಮೊಮ್ಮೆ ಪ್ರವಾಸ ಬರುತ್ತದೆ, ಛಾಯಾಗ್ರಹಣ ಬರುತ್ತದೆ. ಬರೆದವರು ಮಹಿಳೆಯಾದರೆ ಕೈತೋಟವೋ ಅಡುಗೆಯೋ ಸೇರಿಕೊಳ್ಳುತ್ತದೆ. ಒಬ್ಬರ ವಾಕ್ಯವನ್ನು ಕಿತ್ತು ಇನ್ನೊಬ್ಬರ ಹೆಸರಿನ ಕೆಳಗೆ ಅಂಟಿಸಿದರೆ ಓದುಗರಿಗಿರಲಿ, ಬರೆದವರಿಗೂ ಗೊತ್ತಾಗಲಿಕ್ಕಿಲ್ಲ.

ಈ ವಾಕ್ಯವನ್ನು ಹೊಡೆದುಹಾಕಬೇಕು ಎನ್ನುವುದು ನನ್ನ ವಾದದ ಅರ್ಧ ಮಾತ್ರ. ಹವ್ಯಾಸಗಳು ಕ್ಷುಲ್ಲಕವೆಂದು ನಾನು ಹೀಗೆ ಹೇಳುತ್ತಿಲ್ಲ. ಕೆಲವು ಹವ್ಯಾಸಗಳು ಪದವಿ ಪತ್ರಗಳಿಗಿಂತ ಹೆಚ್ಚಿನದನ್ನು ಹೇಳುತ್ತವೆ, ಅವನ್ನು ಈ ಪಟ್ಟಿಯೊಳಗೆ ತುರುಕಿ ನಾವೇ ಕೊಲ್ಲುತ್ತಿದ್ದೇವೆ. ಅದು ವಾದದ ಇನ್ನರ್ಧ.

ಮೊದಲು ಪರಿಚಯದ ಕೆಲಸವೇನು ಎನ್ನುವುದು ಸ್ಪಷ್ಟವಾಗಲಿ. ಅದು ಆತ್ಮಕಥೆಯ ಸಾರಾಂಶ ಅಲ್ಲ. ಲೇಖನ ಓದಿ ಮುಗಿಸಿದವರಿಗೆ, ಅಥವಾ ಓದಲು ಹೊರಟವರಿಗೆ, ಒಂದೇ ಪ್ರಶ್ನೆ ಇರುತ್ತದೆ: ಈ ವಿಷಯದ ಬಗ್ಗೆ ಇವರು ಹೇಳಿದ್ದನ್ನು ನಾನು ಯಾಕೆ ಕೇಳಬೇಕು? ಅದಕ್ಕೆ ಉತ್ತರಿಸಲು ಸಿಗುವುದು ನಲವತ್ತೋ ಐವತ್ತೋ ಪದ. ಹಾಗಾಗಿ ಹವ್ಯಾಸವನ್ನು ಅಳೆಯಲು ನನಗೆ ಗೊತ್ತಿರುವ ಪರೀಕ್ಷೆ ಒಂದೇ. ಆ ವಾಕ್ಯವನ್ನು ತೆಗೆದರೆ, ಲೇಖನವನ್ನು ನಂಬುವ ಅಥವಾ ಅನುಮಾನಿಸುವ ರೀತಿಯಲ್ಲಿ ಏನಾದರೂ ಬದಲಾಗುತ್ತದೆಯೇ? ಬದಲಾದರೆ ಇಡಬೇಕು, ಇಲ್ಲವಾದರೆ ತೆಗೆಯಬೇಕು.

ಒಂದು ಪರಿಚಯವನ್ನು ಕೈಗೆತ್ತಿಕೊಂಡು ನೋಡೋಣ. ಇದು ನಾನೇ ಕಟ್ಟಿದ್ದು, ಆದರೆ ಇಂಥವನ್ನು ನೀವು ಎಷ್ಟೋ ಓದಿರುತ್ತೀರಿ. ಯಕ್ಷಗಾನ ಪ್ರಸಂಗಗಳ ಮೇಲೆ ಸಂಶೋಧನೆ ಮಾಡುತ್ತಿರುವ ಒಬ್ಬರು, ಮುದ್ರಿತ ಪ್ರಸಂಗ ಪಠ್ಯಗಳ ಬಗ್ಗೆ ಬರೆದ ಲೇಖನದ ಕೆಳಗೆ ಹೀಗೆ ಹಾಕಿಕೊಂಡಿದ್ದಾರೆ ಎಂದುಕೊಳ್ಳಿ: ‘ಮೂಲತಃ ಉತ್ತರ ಕನ್ನಡದವರು. ಕನ್ನಡ ಎಂ.ಎ. ಪದವೀಧರರು. ಪ್ರಸ್ತುತ ಯಕ್ಷಗಾನ ಸಾಹಿತ್ಯದ ಕುರಿತು ಪಿಎಚ್.ಡಿ. ಅಧ್ಯಯನ ನಡೆಸುತ್ತಿದ್ದಾರೆ. ಓದು, ಚಾರಣ, ಅಡುಗೆ, ಯಕ್ಷಗಾನ ಇವರ ಹವ್ಯಾಸಗಳು.’

ಓದು ಸಂಶೋಧಕರ ಹವ್ಯಾಸ ಅಲ್ಲ, ದಿನದ ಕೆಲಸ. ಬಡಗಿಯೊಬ್ಬರು ‘ಉಳಿ ಹಿಡಿಯುವುದು ನನ್ನ ಹವ್ಯಾಸ’ ಎಂದ ಹಾಗಾಯಿತು. ಚಾರಣ ಪ್ರಸಂಗ ಪಠ್ಯಕ್ಕೆ ಏನನ್ನೂ ಕೂಡಿಸುವುದಿಲ್ಲ. ಇದೇ ವ್ಯಕ್ತಿ ಪಶ್ಚಿಮ ಘಟ್ಟದ ಹಳೆಯ ದಾರಿಗಳ ಬಗ್ಗೆ ಬರೆದರೆ ಆಗ ಅದೇ ಮೊದಲ ಸಾಲಾಗಬೇಕು. ಅಡುಗೆಯ ಮಾತೂ ಇಷ್ಟೇ. ಅಂದರೆ ಹವ್ಯಾಸಕ್ಕೆ ತನ್ನಷ್ಟಕ್ಕೇ ಬೆಲೆಯಿಲ್ಲ, ಪಕ್ಕದಲ್ಲಿರುವ ಬರಹದಿಂದ ಅದಕ್ಕೆ ಬೆಲೆ ಬರುತ್ತದೆ. ಆದ್ದರಿಂದ ಒಮ್ಮೆ ಬರೆದಿಟ್ಟ ಪರಿಚಯವನ್ನೇ ಎಲ್ಲ ಕಡೆಗೂ ಕಳಿಸುವ ಅಭ್ಯಾಸ ತಪ್ಪು.

ಉಳಿಯುವುದು ಯಕ್ಷಗಾನ. ಇದೊಂದು ಹವ್ಯಾಸ ಲೇಖನಕ್ಕೆ ನೇರವಾಗಿ ಸಂಬಂಧಿಸಿದ್ದು. ಆದರೂ ಇಲ್ಲಿ ಅದು ಸತ್ತು ಬಿದ್ದಿದೆ, ಯಾಕೆಂದರೆ ‘ಯಕ್ಷಗಾನ’ ಎಂಬ ಒಂಟಿ ನಾಮಪದದಿಂದ ಏನೂ ತಿಳಿಯುವುದಿಲ್ಲ. ಇವರು ರಾತ್ರಿಯಿಡೀ ಕೂತು ಆಟ ನೋಡುವವರೋ, ಮದ್ದಳೆ ನುಡಿಸುವವರೋ, ವೇಷ ಕಟ್ಟುವವರೋ? ಅದರ ಬದಲು ಹೀಗೆ ಬರೆದಿದ್ದರೆ: ‘ಎಂಟು ವರ್ಷಗಳಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದಾರೆ.’

ಈಗ ಲೇಖನವೇ ಬೇರೆಯಾಗಿ ಕಾಣುತ್ತದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಮುಖ್ಯವಾಗಿ ಭಾಗವತರು ಹಾಡುವ ಪದ್ಯಗಳು. ಆ ಪದ್ಯಗಳ ನಡುವಿನ ಮಾತನ್ನು ಅರ್ಥಧಾರಿ ಅಲ್ಲೇ, ಆಗಲೇ ಕಟ್ಟಬೇಕು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಆಡುವ ಮಾತೇ ಎಲ್ಲ. ನಾಲ್ಕು ಸಾಲಿನ ಪದ್ಯವೊಂದು ಎಲ್ಲಿ ಬೆಳೆಯುತ್ತದೆ, ಎಲ್ಲಿ ಎದುರಾಳಿಯ ಮಾತಿಗೆ ಸಿಕ್ಕಿ ದಿಕ್ಕು ಬದಲಿಸುತ್ತದೆ ಎಂಬುದನ್ನು ಇವರು ಗ್ರಂಥಾಲಯದಲ್ಲಿ ಮಾತ್ರ ಕಲಿತದ್ದಲ್ಲ ಎಂದು ಓದುಗರಿಗೆ ಗೊತ್ತಾಗುತ್ತದೆ. ಎಂ.ಎ. ಪದವಿ ಇದನ್ನು ಹೇಳುವುದಿಲ್ಲ. ಒಂದು ಕ್ರಿಯಾಪದ, ಒಂದು ಕಾಲಾವಧಿ, ಒಂದು ಪಾತ್ರ, ಇಷ್ಟಿದ್ದರೆ ಹವ್ಯಾಸ ಸಾಕ್ಷಿಯಾಗುತ್ತದೆ.

ಇಲ್ಲೇ ಇನ್ನೊಂದು ಮಗ್ಗುಲಿದೆ, ಅದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಇದೇ ಸಂಶೋಧಕರು ತಾವೇ ಅರ್ಥ ಹೇಳುವ ಸಂಘದ ಪ್ರಯೋಗವನ್ನು ಹೊಗಳಿ ವಿಮರ್ಶೆ ಬರೆದರು ಎನ್ನಿ. ಆಗಲೂ ಆ ವಾಕ್ಯ ಬೇಕೇ ಬೇಕು, ಸಂಘದ ಹೆಸರಿನ ಸಮೇತ ಬೇಕು. ಆದರೆ ಈ ಸಲ ಅದು ಅಧಿಕಾರದ ಗುರುತು ಅಲ್ಲ, ಎಚ್ಚರಿಕೆ. ‘ನಾನು ಇದರೊಳಗಿನವನು, ಅದನ್ನು ತಿಳಿದುಕೊಂಡೇ ನನ್ನ ಮಾತನ್ನು ತೂಗಿ’ ಎಂದು ಓದುಗರಿಗೆ ಹೇಳುವ ಋಜುತ್ವ ಅದು. ಲೇಖನಕ್ಕೆ ಸಂಬಂಧಿಸಿದ ಹವ್ಯಾಸ ಬಲ ಕೊಟ್ಟರೂ ಇಡಬೇಕು, ಮುಜುಗರ ಕೊಟ್ಟರೂ ಇಡಬೇಕು. ಬಲ ಕೊಟ್ಟಾಗ ಮಾತ್ರ ಇಡುವುದು ಜಾಹೀರಾತು.

‘ಪರಿಚಯ ಒಣಗಿಹೋಗುತ್ತದಲ್ಲ, ಮನುಷ್ಯರ ವಾಸನೆ ಬೇಡವೇ?’ ಎಂದು ಕೇಳುವವರಿದ್ದಾರೆ. ತೇಜಸ್ವಿಯವರ ಹೆಸರೂ ಆಗ ತಪ್ಪದೆ ಬರುತ್ತದೆ: ಅವರ ಮೀನುಗಾಳ, ಕ್ಯಾಮೆರಾ ಬಿಟ್ಟು ಅವರನ್ನು ಪರಿಚಯಿಸಲು ಸಾಧ್ಯವೇ? ಇಲ್ಲ, ಸಾಧ್ಯವಿಲ್ಲ. ಆದರೆ ಯಾಕೆ ಸಾಧ್ಯವಿಲ್ಲ ಎಂದು ಯೋಚಿಸಿ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಅವರು ಹಕ್ಕಿಗಳ ಹಿಂದೆ ಅಲೆದದ್ದು ಹಕ್ಕಿಗಳ ಪುಸ್ತಕಗಳಾಯಿತು. ಕಾಡನ್ನು ಕಣ್ಣಿಟ್ಟು ನೋಡಿದ ಆ ಕುತೂಹಲವೇ 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಬೆನ್ನು ಹತ್ತಿತು. ಅಲ್ಲಿ ಹವ್ಯಾಸ ಬರಹಕ್ಕೆ ಅಂಟಿಸಿದ ಅಲಂಕಾರ ಅಲ್ಲ, ಬರಹ ಹುಟ್ಟಿದ ಜಾಗ. ತೇಜಸ್ವಿಯವರ ಉದಾಹರಣೆ ನನ್ನ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ‘ಚಾರಣ, ಛಾಯಾಗ್ರಹಣ’ ಎಂದು ಬರೆದು ಹಳಗನ್ನಡ ಛಂದಸ್ಸಿನ ಲೇಖನ ಕಳಿಸುವ ನಮ್ಮ ಪರಿಚಯಗಳು ಪಾಸಾಗುವುದಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ರುಚಿಯ ಜಗಳ ಎಂದು ಬಿಡಬಹುದಿತ್ತು. ಆದರೆ ಹವ್ಯಾಸಗಳ ಪಟ್ಟಿ ಅಷ್ಟು ನಿರಪರಾಧಿಯಲ್ಲ. ಸಮಾಜಶಾಸ್ತ್ರಜ್ಞರಾದ ಲಾರೆನ್ ರಿವೆರಾ ಮತ್ತು ಆಂಡ್ರಾಸ್ ಟಿಲ್ಚಿಕ್ 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾನೂನು ವಿದ್ಯಾರ್ಥಿಗಳ ಹೆಸರಿನಲ್ಲಿ ಕಲ್ಪಿತ ಬಯೊಡೇಟಾಗಳನ್ನು ಮಾಡಿ ಅಮೆರಿಕದ ದೊಡ್ಡ ಕಾನೂನು ಸಂಸ್ಥೆಗಳ ಮುನ್ನೂರಕ್ಕೂ ಹೆಚ್ಚು ಕಚೇರಿಗಳಿಗೆ ಕಳಿಸಿದ್ದರು. ಓದು, ಅಂಕ, ಅನುಭವ ಎಲ್ಲರದೂ ಒಂದೇ. ಕೆಲವರಿಗೆ ಹಾಯಿದೋಣಿ, ಪೋಲೊ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹವ್ಯಾಸ ಕೊಟ್ಟಿದ್ದರು. ಉಳಿದವರಿಗೆ ಓಟ, ಗೆಳೆಯರ ಜತೆಗಿನ ಫುಟ್‌ಬಾಲ್, ಕಂಟ್ರಿ ಸಂಗೀತ. ಸಿರಿವಂತ ಹವ್ಯಾಸದ ಗಂಡಸರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಸಂದರ್ಶನದ ಕರೆ ಬಂತು. ಬಡ ಹವ್ಯಾಸದ ಗಂಡಸರಿಗೆ ನೂರಕ್ಕೆ ಎರಡೂ ಬರಲಿಲ್ಲ. ಸಿರಿವಂತ ಹವ್ಯಾಸದ ಹೆಂಗಸರಿಗೂ ಆ ಲಾಭ ಸಿಗಲಿಲ್ಲ. ಅಡ್ಡಹೆಸರು, ಪಡೆದ ಪುರಸ್ಕಾರದಂಥ ಸಣ್ಣ ವಿವರಗಳನ್ನೂ ಅವರು ಬದಲಿಸಿದ್ದರಿಂದ ಎಲ್ಲವನ್ನೂ ಹವ್ಯಾಸದ ಲೆಕ್ಕಕ್ಕೇ ಬರೆಯಲಾಗದು. ಆದರೆ ಬಯೊಡೇಟಾದ ಕೊನೆಯಲ್ಲಿ ಮುಗ್ಧವಾಗಿ ಕೂತ ಸಾಲುಗಳನ್ನು ಓದುವವರು ವರ್ಗದ ಗುರುತಾಗಿ ಓದುತ್ತಾರೆ ಎನ್ನುವುದಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಈ ಗುರುತು ವರ್ಗದ ಜತೆಗೆ ಜಾತಿಯದ್ದೂ ಹೌದು. ಕರ್ನಾಟಕ ಸಂಗೀತ, ವೀಣೆ, ಭರತನಾಟ್ಯ ಹವ್ಯಾಸದ ಪಟ್ಟಿಗೆ ಸಲೀಸಾಗಿ ಹತ್ತುತ್ತವೆ. ತಮಟೆ ಹತ್ತುವುದಿಲ್ಲ. ಅಪ್ಪನ ಜತೆ ಊರ ಹಬ್ಬಗಳಿಗೆ, ಸಾವಿನ ಮೆರವಣಿಗೆಗಳಿಗೆ ತಮಟೆ ಬಾರಿಸುತ್ತ ಬೆಳೆದ ವಿದ್ಯಾರ್ಥಿ ಅದನ್ನು ಹವ್ಯಾಸ ಎಂದು ಹೇಗೆ ಬರೆಯಬೇಕು? ಬಿಡುವಿನ ಹೊತ್ತಿನಲ್ಲಿ ಖುಷಿಗಾಗಿ ಮಾಡಿದ್ದಲ್ಲ ಅದು, ಊರು ಹೇರಿದ ಚಾಕರಿ. ಹಾಗೆಂದು ಬರೀ ಚಾಕರಿ ಎಂದರೆ ಅದರೊಳಗಿನ ವಿದ್ಯೆಗೆ ಅನ್ಯಾಯ. ಹವ್ಯಾಸ ಎಂಬ ಪದವೇ ಬಿಡುವಿದ್ದವರದ್ದು. ಬೇಸಿಗೆ ರಜೆಯಲ್ಲಿ ಗಾರೆ ಕೆಲಸಕ್ಕೆ ಹೋದವರು ಆ ಕಾಲಮ್ಮಿನ ಮುಂದೆ ಕೂತು ‘ಓದು, ಸಂಗೀತ ಕೇಳುವುದು’ ಎಂದು ತುಂಬುತ್ತಾರೆ. ತಮಟೆಯ ಬಡಿತಗಳ ಮೇಲೆ ಪ್ರಬಂಧ ಬರೆಯುವ ಹುಡುಗನ ಪರಿಚಯದಲ್ಲೂ ‘ಸಂಗೀತ ಕೇಳುವುದು’ ಎಂದಿರುತ್ತದೆ. ಆ ಬರಹಕ್ಕೆ ಅತ್ಯಂತ ಹೆಚ್ಚು ಬಲ ಕೊಡಬಹುದಾಗಿದ್ದ ಸಾಲು ಹೀಗೆ ಮಾಯವಾಗುತ್ತದೆ.

ಆ ಸಾಲನ್ನು ಬರೆಯಲೇಬೇಕು ಎಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ನಮ್ಮ ಸಮಾಜದಲ್ಲಿ ಅದನ್ನು ಬರೆಯುವುದೆಂದರೆ ಜಾತಿಯನ್ನು ಮುದ್ರಿಸಿದಂತೆ. ಅದರ ಬೆಲೆ ತೆರುವವರೇ ಆ ನಿರ್ಧಾರ ಮಾಡಬೇಕು. ಆದರೆ ಬರೆಯಲು ಮನಸ್ಸಿರುವವರಿಗೆ ಜಾಗವೇ ಇಲ್ಲದಂತೆ ಮಾಡಿರುವುದು ‘ಹವ್ಯಾಸಗಳು’ ಎಂಬ ನಮ್ಮ ಕಾಲಮ್ಮು. ವೀಣೆ ನುಡಿಸುವವರ ಬಿಡುವನ್ನು ಅದು ಕೇಳುತ್ತದೆ, ತಮಟೆ ಬಾರಿಸಿದವರ ಬದುಕನ್ನು ಕೇಳುವುದಿಲ್ಲ.

ಆದ್ದರಿಂದ ಸಂಪಾದಕರಲ್ಲಿ, ವಿಚಾರ ಸಂಕಿರಣ ನಡೆಸುವ ನಮ್ಮ ವಿಭಾಗಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ‘ನಿಮ್ಮ ಹವ್ಯಾಸಗಳೇನು?’ ಎಂದು ಕೇಳುವುದನ್ನು ನಿಲ್ಲಿಸಿ. ಅದರ ಬದಲು ಹೀಗೆ ಕೇಳಿ: ‘ಈ ಬರಹಕ್ಕೆ ಸಂಬಂಧಪಟ್ಟಂತೆ, ನಿಮ್ಮ ಪದವಿಗಳಲ್ಲಿ ಕಾಣದ ಅನುಭವ ಅಥವಾ ನಂಟು ಏನಾದರೂ ಇದೆಯೇ? ಇದ್ದರೆ, ಇಷ್ಟವಿದ್ದರೆ, ಒಂದು ವಾಕ್ಯದಲ್ಲಿ ತಿಳಿಸಿ.’ ತಾಳಮದ್ದಳೆಯ ಎಂಟು ವರ್ಷ ಇದರಲ್ಲಿ ಬರುತ್ತದೆ. ಸಂಘದ ಸದಸ್ಯತ್ವವೂ ಬರುತ್ತದೆ. ತಮಟೆ, ಅದನ್ನು ಬಾರಿಸಿದವರು ಬಯಸಿದರೆ, ಬರುತ್ತದೆ. ಹೇಳುವುದೇನೂ ಇಲ್ಲದವರು ಜಾಗವನ್ನು ಖಾಲಿ ಬಿಡುತ್ತಾರೆ, ಅವರ ಪರಿಚಯ ಒಂದು ಸಾಲು ಚಿಕ್ಕದಾಗುತ್ತದೆ. ಚಾರಣಕ್ಕೆ ಹೋಗುವವರು ಹೇಗೂ ಹೋಗುತ್ತಲೇ ಇರುತ್ತಾರೆ.