ಗುಳೆ ಹೋದ ಹುಡುಗ, ಮರೆತುಹೋದ ಕಾಗುಣಿತ

ದಸರಾ ಮುಗಿಯಿತೆಂದರೆ ರಾಯಚೂರು, ಯಾದಗಿರಿ ಕಡೆಯ ಬಸ್ಸುಗಳಲ್ಲಿ ಗಂಟುಮೂಟೆ ಹೊತ್ತ ಸಂಸಾರಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಆ ಗಂಟುಗಳ ನಡುವೆ ಎರಡನೇ ಕ್ಲಾಸಿನ ಹುಡುಗನೊಬ್ಬ ಕೂತಿರುತ್ತಾನೆ. ಯುಗಾದಿಗೆ ಊರಿಗೆ ಬಂದಾಗ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುತ್ತದೆ, ಬಾಯಲ್ಲಿ ಓದಿರುವುದಿಲ್ಲ.

"ಐದು ತಿಂಗಳ ಪಾಠ ತಾನೇ, ಕಲಿತರಾಯ್ತು" ಅಂತಾರೆ ಹಿರಿಯರು. ಲೆಕ್ಕ ಅಷ್ಟು ಸುಲಭವಲ್ಲ. ಅವನು ಹೋಗುವಾಗ ಮೂಲಾಕ್ಷರ ಗಟ್ಟಿಯಾಗಿತ್ತು, ಕಾಗುಣಿತ ಅರ್ಧ ಬಂದಿತ್ತು. ದಿನಾ ಕಣ್ಣಿಗೆ ಬೀಳದಿದ್ದರೆ ಮೊದಲು ಅಳಿಸಿಹೋಗುವುದು ಈ ಅರ್ಧ ಬಂದದ್ದೇ. ಈಗ 'ಕೋಲು' ಅವನಿಗೆ 'ಕಾಲು', 'ಅಕ್ಕ' ಬರೀ 'ಅಕ'. ಒಂದೊಂದೇ ಅಕ್ಷರ ತಡಕಾಡುತ್ತಾ ಪದದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ, ಅರ್ಥ ಹುಟ್ಟುವುದೆಲ್ಲಿಂದ? ಅತ್ತ ಕ್ಲಾಸು ಕಥೆ ಓದುತ್ತಿರುತ್ತದೆ. ಇವನು ಹಿಂದೆ ಕೂತು ಎಲ್ಲರ ಜೊತೆ ದನಿಗೂಡಿಸುತ್ತಾನೆ. ಓದುತ್ತಾನೆ ಅಂತ ಮಾಸ್ತರಿಗೂ ಭ್ರಮೆ. ಪಾಠದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಗುಟ್ಟು ರಟ್ಟು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಒಳ್ಳೆಯ ಏರ್ಪಾಡೇ. ಆದರೆ ಬಿಟ್ಟ ಮೆಟ್ಟಿಲೇ ಅಲುಗಾಡುತ್ತಿದ್ದರೆ? ಅದಕ್ಕೇ ಬಂದ ವಾರದಲ್ಲೇ ಹತ್ತು ನಿಮಿಷದ ಪರೀಕ್ಷೆ ಬೇಕು. ಹತ್ತು ಮೂಲಾಕ್ಷರ, ಹತ್ತು ಕಾಗುಣಿತದ ಅಕ್ಷರ, ಒತ್ತಿಲ್ಲದ ಐದು ಪದ, ಒತ್ತಿರುವ ಐದು ಪದ. ಎಲ್ಲಿ ತಡವರಿಸಿದನೋ ಅಲ್ಲಿಂದ ಪಾಠ.

ಶಾಲೆಯಲ್ಲಿ ದಿನಾ ಇಪ್ಪತ್ತು ನಿಮಿಷ ಅವನಿಗೆಂದೇ ಮೀಸಲಿಡಬೇಕು. ಮಾಸ್ತರು ಅಂದು ಕಲಿಸಿದ ಐದಾರು ಪದಗಳನ್ನು ಚೀಟಿಯಲ್ಲಿ ಬರೆದು ಮನೆಗೆ ಕಳಿಸಬೇಕು. ಅವ್ವನಿಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ. ಒಲೆಯ ಮುಂದೆ ಕೂತೇ ಕೇಳಲಿ. ತಡೆಯದೆ ಹೇಳಿದ ಪದಕ್ಕೆ ಗೀಟು, ನಿಂತುನಿಂತು ಹೇಳಿದ್ದಕ್ಕೆ ಸೊನ್ನೆ. ಸರಿ-ತಪ್ಪು ಮಾಸ್ತರು ಮರುದಿನ ನೋಡುತ್ತಾರೆ, ಸೊನ್ನೆ ಬಿದ್ದದ್ದನ್ನು ಮತ್ತೆ ಕಲಿಸುತ್ತಾರೆ. ಸಂತೆಯ ದಿನ ಅಪ್ಪ ಶಾಲೆಗೆ ಬಂದು ಐದು ನಿಮಿಷ ಚೀಟಿಗಳನ್ನು ನೋಡಿ ಹೋಗಲಿ. ಆರು ವಾರ ಹೀಗೆ ನಡೆದರೂ ಸೊನ್ನೆ ಕಮ್ಮಿಯಾಗದಿದ್ದರೆ ಹುಡುಗನನ್ನು ಬೈಯುವ ಮೊದಲು ಕಣ್ಣು, ಕಿವಿ ತೋರಿಸಬೇಕು.

ಬೇಸಿಗೆ ರಜೆ ನಡುವೆ ಬರುತ್ತದೆ, ನಿಜ. ಚೀಟಿಗಳ ಕಟ್ಟು ಮನೆಯಲ್ಲಿದ್ದರೆ ಆಗಲೂ ಓದು ನಿಲ್ಲುವುದಿಲ್ಲ.

ಇನ್ನು ಮುಂದಿನ ದಸರಾ. ಹೊರಡುವ ದಿನ ಮಾಸ್ತರಿಗೆ ಮೊದಲೇ ತಿಳಿದರೆ ಕಲಿತದ್ದೆಷ್ಟು ಅಂತ ಬರೆದು, ಓದುವ ಪುಸ್ತಕ ಕಟ್ಟಿ ಕೊಡಬಹುದು. ಗಂಟಿನಲ್ಲಿ ರೊಟ್ಟಿಗೆ ಜಾಗವಿದೆಯಲ್ಲ, ಪುಸ್ತಕಕ್ಕೂ ಅಷ್ಟು ಜಾಗ ಸಿಕ್ಕೀತು.